ನಾಲ್ಕು ಸಮಿತಿ, ನಾಲ್ಕು ಬಗೆಯ ಹಾಳೆ, ಒಂದು ಬಜೆಟ್
(ಸ್ವಸಹಾಯ ಸಂಘಗಳ ಒಕ್ಕೂಟದ ಪದಾಧಿಕಾರಿಗಳು ಮತ್ತು ಲೆಕ್ಕ ಬರೆಯುವವರ ತರಬೇತಿಯಲ್ಲಿ ಸಿಸ್ಟರ್ ಅವರು ನೀಡಿದ ಉಪನ್ಯಾಸದ ಪಠ್ಯ)



ಸಂಘದ ಲೆಕ್ಕ ನಿಮಗೆ ಹೇಳಿಕೊಡಬೇಕಾಗಿಲ್ಲ. ಉಳಿತಾಯ, ಸಾಲ, ಬಡ್ಡಿ, ನಗದು ಪುಸ್ತಕ, ಇವೆಲ್ಲ ನಿಮ್ಮ ಕೈಗೆ ಬಂದಿವೆ. ತೊಂದರೆ ಶುರುವಾಗುವುದು ಒಕ್ಕೂಟದ ಮಟ್ಟಕ್ಕೆ ಬಂದಾಗ. ಒಕ್ಕೂಟದ ಕೆಳಗೆ ಹೊಲಿಗೆ ಕೇಂದ್ರ, ತರಬೇತಿ ಸಮಿತಿ, ಆರೋಗ್ಯ ಸಮಿತಿ, ಕಚೇರಿ ಎಂದು ಬೇರೆ ಬೇರೆ ಇರುತ್ತವೆ. ಫೆಬ್ರವರಿ ತಿಂಗಳಲ್ಲಿ ಪ್ರತಿಯೊಂದು ಸಮಿತಿಯೂ "ಮುಂದಿನ ವರ್ಷಕ್ಕೆ ನಮಗೆ ಇಷ್ಟು ಬೇಕು" ಎಂದು ಒಂದೊಂದು ಹಾಳೆ ತಂದುಕೊಡುತ್ತದೆ. ಒಂದರಂತೆ ಇನ್ನೊಂದು ಇರುವುದಿಲ್ಲ. ಇವನ್ನೆಲ್ಲ ಸೇರಿಸಿ ಮಹಾಸಭೆಯ ಮುಂದೆ ಒಂದೇ ಬಜೆಟ್ ಇಡಬೇಕು. ಹೋದ ವರ್ಷಕ್ಕೂ ಈ ವರ್ಷಕ್ಕೂ ಎಷ್ಟು ವ್ಯತ್ಯಾಸ ಎಂದೂ ತೋರಿಸಬೇಕು. ಇವತ್ತಿನ ನನ್ನ ಮಾತು ಅದರ ಬಗ್ಗೆ ಮಾತ್ರ.

ಒಂದು ಒಕ್ಕೂಟದ ಲೆಕ್ಕವನ್ನೇ ಹಿಡಿದು ಹೇಳುತ್ತೇನೆ. ಹೆಸರು ಬೇಡ. ಅಂಕೆಗಳನ್ನು ನಿಮಗೆ ಸುಲಭವಾಗಲಿ ಎಂದು ದುಂಡಗೆ ಮಾಡಿದ್ದೇನೆ. ಅದರಲ್ಲಿ 42 ಸಂಘಗಳು. 2025ರ ಫೆಬ್ರವರಿಯಲ್ಲಿ 2025-26ನೇ ಸಾಲಿನ ಬಜೆಟ್ ತಯಾರಾಗುತ್ತಿತ್ತು. ಮಹಾಸಭೆಯ ಕಾರ್ಯಸೂಚಿಯಲ್ಲಿ "ನಷ್ಟದಲ್ಲಿರುವ ಹೊಲಿಗೆ ಕೇಂದ್ರವನ್ನು ಮುಚ್ಚುವ ಕುರಿತು" ಎಂಬ ವಿಷಯವೂ ಇತ್ತು. ಆ ಕೇಂದ್ರದಲ್ಲಿ 11 ಮಂದಿ ಹೆಂಗಸರು ಹೊಲಿಯುತ್ತಿದ್ದರು. ನಷ್ಟ ಎಂಬ ಮಾತು ಎಲ್ಲಿಂದ ಬಂತು? ಸಮಿತಿಗಳ ಹಾಳೆಗಳನ್ನು ಒಟ್ಟು ಮಾಡಿ ಬರೆದ ಕರಡಿನಿಂದ ಬಂತು. ಆ ಕರಡು ಹೇಗೆ ತಯಾರಾಯಿತು, ಹೇಗೆ ತಯಾರಾಗಬೇಕಿತ್ತು ಎಂದು ನೋಡೋಣ.

ಹಾಳೆಗಳು ಬಂದದ್ದು ಹೇಗೆ

ಹೊಲಿಗೆ ಕೇಂದ್ರದವರು ಉದ್ದ ಪುಸ್ತಕವನ್ನು ಅಡ್ಡಕ್ಕೆ ಹಿಡಿದು ಏಪ್ರಿಲ್‌ನಿಂದ ಮಾರ್ಚ್‌ವರೆಗೆ 12 ಕಾಲಂ ಎಳೆದಿದ್ದರು. ಅವರಿಗೆ ಅದು ಬೇಕೇ ಬೇಕು. ಶಾಲಾ ಸಮವಸ್ತ್ರದ ಹೊಲಿಗೆ ಮೇ-ಜೂನ್‌ನಲ್ಲಿ, ಮದುವೆಯ ಬ್ಲೌಸು ಬೇರೆ ತಿಂಗಳಲ್ಲಿ. ತಿಂಗಳ ಲೆಕ್ಕ ಇಲ್ಲದಿದ್ದರೆ ದಾರ ಬಟ್ಟೆ ಯಾವಾಗ ತರಬೇಕೆಂದೇ ತಿಳಿಯದು.

ತರಬೇತಿ ಸಮಿತಿಯವರು ತಿಂಗಳೂ ಬರೆದಿರಲಿಲ್ಲ, ಬಾಬ್ತೂ ಬರೆದಿರಲಿಲ್ಲ. "ಒಂದು ತರಬೇತಿಗೆ ಊಟ 4,000, ಸಂಪನ್ಮೂಲ ವ್ಯಕ್ತಿಗೆ 2,000, ಪ್ರಯಾಣ 2,000, ಪೆನ್ನು ಪುಸ್ತಕ 1,000, ಒಟ್ಟು 9,000. ಆರು ತರಬೇತಿಗೆ 54,000" ಎಂದು ಐದು ಸಾಲಿನಲ್ಲಿ ಮುಗಿಸಿದ್ದರು. ಕಚೇರಿಯವರು ಇಡೀ ವರ್ಷದ್ದನ್ನು ಬಾಬ್ತುವಾರು ಬರೆದಿದ್ದರು. ಅದೊಂದು ನೋಡಲು ಅಚ್ಚುಕಟ್ಟಾಗಿತ್ತು.

ಆರೋಗ್ಯ ಸಮಿತಿಯ ಹಾಳೆಯಲ್ಲಿ ಇದ್ದದ್ದು ನಾಲ್ಕೇ ಅಂಕೆ: 14, 15, 23, 14. ಒಟ್ಟು 66. ಮೂರು ಮೂರು ತಿಂಗಳ ಲೆಕ್ಕ, ಸಾವಿರ ರೂಪಾಯಿಗಳಲ್ಲಿ. ಅದರಲ್ಲೂ ಅವರ ವರ್ಷ ಗೋಡೆಯ ಕ್ಯಾಲೆಂಡರಿನಂತೆ ಜನವರಿಯಿಂದ ಡಿಸೆಂಬರ್‌ವರೆಗೆ. ಸಾವಿರ ಎಂದು ಎಲ್ಲೂ ಬರೆದಿರಲಿಲ್ಲ. ಅವರಿಗೆ ಗೊತ್ತಿತ್ತು, ಬೇರೆಯವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಇಂಥ ಹಾಳೆ ಬಂದಾಗ ಅದರ ಮೇಲೆಯೇ ತಿದ್ದಬೇಡಿ. ಬಂದ ಹಾಳೆಗೆ ನಂಬರ್ ಹಾಕಿ, ತಾರೀಕು ಹಾಕಿ, ಫೈಲಿನಲ್ಲಿ ಇಡಿ. ತಿದ್ದುವುದೆಲ್ಲ ನಿಮ್ಮ ಹಾಳೆಯಲ್ಲಿ ಆಗಲಿ. ನಾಳೆ ಆರೋಗ್ಯ ಸಮಿತಿಯವರು "ನಾವು ಕೇಳಿದ್ದು ಇಷ್ಟಲ್ಲ" ಎಂದರೆ ಅವರ ಕೈಬರಹದ ಹಾಳೆ ಹಾಗೆಯೇ ಸಿಗಬೇಕು.

ಬಾಬ್ತುಗಳ ಒಂದೇ ಪಟ್ಟಿ

ಒಟ್ಟು ಮಾಡುವ ಮೊದಲು ಒಕ್ಕೂಟಕ್ಕೆಲ್ಲ ಒಂದೇ ಬಾಬ್ತು ಪಟ್ಟಿ ಬೇಕು. ಹೊಲಿಗೆಯವರು "ಕೂಲಿ" ಎನ್ನುತ್ತಾರೆ, ತರಬೇತಿಯವರು "ಸಂಪನ್ಮೂಲ ವ್ಯಕ್ತಿ" ಎನ್ನುತ್ತಾರೆ, ಕಚೇರಿಯವರು "ಗೌರವಧನ" ಎನ್ನುತ್ತಾರೆ. ಮೂರೂ ಕೆಲಸ ಮಾಡಿದವರಿಗೆ ಕೊಡುವ ಹಣವೇ. ಈ ಒಕ್ಕೂಟದಲ್ಲಿ ಖರ್ಚಿಗೆ ಹತ್ತು ಬಾಬ್ತು ಸಾಕಾಯಿತು: ಕೂಲಿ ಮತ್ತು ಗೌರವಧನ, ಬಟ್ಟೆ-ದಾರ, ಬಾಡಿಗೆ, ವಿದ್ಯುತ್, ಪ್ರಯಾಣ, ಊಟೋಪಚಾರ, ಔಷಧಿ, ಲೇಖನ ಸಾಮಗ್ರಿ ಮತ್ತು ಫೋನ್, ದುರಸ್ತಿ, ಲೆಕ್ಕ ಪರಿಶೋಧನೆ. "ಇತರೆ" ಎಂಬ ಬಾಬ್ತು ಇಟ್ಟಿಲ್ಲ ನೋಡಿ. ಇತರೆ ಇಟ್ಟರೆ ಯೋಚಿಸಲು ಬೇಸರವಾದದ್ದೆಲ್ಲ ಅಲ್ಲಿಗೇ ಹೋಗಿ ಬೀಳುತ್ತದೆ.

ಆಮೇಲೆ ಜೋಡಣೆ ಪಟ್ಟಿ. ಇದೇ ಇಡೀ ಕೆಲಸದ ಬೆನ್ನೆಲುಬು. ಒಂದು ಉದ್ದ ಪಟ್ಟಿ ಮಾಡಿ, ಪ್ರತಿ ಸಮಿತಿಯ ಹಾಳೆಯ ಪ್ರತಿ ಸಾಲಿಗೂ ಒಂದೊಂದು ಸಾಲು ಕೊಡಬೇಕು. ನಾಲ್ಕೇ ಮಾಹಿತಿ: ಯಾವ ಸಮಿತಿ, ಅವರ ಹಾಳೆಯಲ್ಲಿ ಏನೆಂದು ಬರೆದಿದೆ, ಒಕ್ಕೂಟದ ಯಾವ ಬಾಬ್ತಿಗೆ ಸೇರುತ್ತದೆ, ಏಪ್ರಿಲ್-ಮಾರ್ಚ್ ವರ್ಷಕ್ಕೆ ಎಷ್ಟು ರೂಪಾಯಿ. ತರಬೇತಿಯವರ "ಪ್ರಯಾಣ 2,000" ಇಲ್ಲಿ ಆರರಿಂದ ಗುಣಿಸಿ 12,000 ಆಗುತ್ತದೆ. ಕಂಪ್ಯೂಟರ್ ಇರುವ ಒಕ್ಕೂಟದವರು ಈ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿ, C ಕಾಲಂನಲ್ಲಿ ಬಾಬ್ತು, D ಕಾಲಂನಲ್ಲಿ ರೂಪಾಯಿ ಇಟ್ಟರೆ ಒಂದು ಬಾಬ್ತಿನ ಒಟ್ಟು ಮೊತ್ತ ಹೀಗೆ ಸಿಗುತ್ತದೆ:

```
=SUMIF(C:C,"ಪ್ರಯಾಣ",D:D)
```

ಒಂದು ಎಚ್ಚರಿಕೆ. ಒಂದು ಕಡೆ "ಪ್ರಯಾಣ", ಇನ್ನೊಂದು ಕಡೆ "ಪ್ರಯಾಣ ವೆಚ್ಚ" ಎಂದು ಬರೆದರೆ ಎರಡನೆಯದನ್ನು ಕಂಪ್ಯೂಟರ್ ಸೇರಿಸುವುದಿಲ್ಲ, ಹೇಳುವುದೂ ಇಲ್ಲ. ಪುಸ್ತಕದಲ್ಲೇ ಬರೆಯುವವರಿಗೆ ಆ ಭಯವಿಲ್ಲ, ಅವರಿಗೆ ಕೂಡುವ ಶ್ರಮ ಮಾತ್ರ.

ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಜೋಡಣೆ ಪಟ್ಟಿಯನ್ನು ಸಮಿತಿವಾರು ಕೂಡಿ. ಆ ಮೊತ್ತ ಆಯಾ ಸಮಿತಿಯ ಮೂಲ ಹಾಳೆಯ ಮೊತ್ತಕ್ಕೆ ಸರಿಹೊಂದಬೇಕು. ಹೊಲಿಗೆ 3,42,000, ತರಬೇತಿ 54,000, ಕಚೇರಿ 1,70,000, ಮೂರೂ ಸರಿಬಂದವು. ಆಮೇಲೆ ಅದೇ ಪಟ್ಟಿಯನ್ನು ಬಾಬ್ತುವಾರು ಕೂಡಿ. ಸಮಿತಿವಾರು ಮೊತ್ತಗಳ ಮೊತ್ತವೂ ಬಾಬ್ತುವಾರು ಮೊತ್ತಗಳ ಮೊತ್ತವೂ ಒಂದೇ ಆಗಬೇಕು. ಅಡ್ಡಕ್ಕೂ ಉದ್ದಕ್ಕೂ ಕೂಡಿದಾಗ ಒಂದೇ ಬಂದರೆ ಯಾವ ಸಾಲೂ ಬಿಟ್ಟುಹೋಗಿಲ್ಲ ಎಂದರ್ಥ. ಯಾವ ಸಾಲೂ ತಪ್ಪು ಬಾಬ್ತಿಗೆ ಹೋಗಿಲ್ಲ ಎಂದು ಮಾತ್ರ ಇದರಿಂದ ಗೊತ್ತಾಗುವುದಿಲ್ಲ. ಅದನ್ನು ಸಮಿತಿಯವರೇ ಓದಿ ನೋಡಬೇಕು.

ಸಾವಿರ, ವರ್ಷ

ಆರೋಗ್ಯ ಸಮಿತಿಯ ಹಾಳೆ ಮಾತ್ರ ಹೊಂದಲಿಲ್ಲ. 66ನ್ನು 66,000 ಮಾಡುವುದು ಸುಲಭ. ಯಾರಾದರೂ "66 ರೂಪಾಯಿಗೆ ಆರೋಗ್ಯ ಶಿಬಿರ ನಡೆಯುತ್ತದಾ?" ಎಂದು ಕೇಳಿದರೆ ಸಾಕು. ವರ್ಷದ ವಿಷಯ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಅವರು ಬರೆದದ್ದು 2025ರ ಜನವರಿಯಿಂದ ಡಿಸೆಂಬರ್. ನಮಗೆ ಬೇಕಾದದ್ದು 2025ರ ಏಪ್ರಿಲ್‌ನಿಂದ 2026ರ ಮಾರ್ಚ್. ಮೊದಲ ಮೂರು ತಿಂಗಳ 14,000 ಹೋದ ಸಾಲಿಗೆ ಸೇರಿದ್ದು, ಅದನ್ನು ಬಿಡಬೇಕು. ಉಳಿದ ಮೂರು ಕಂತು 15, 23, 14, ಸೇರಿ 52,000. 2026ರ ಜನವರಿ-ಮಾರ್ಚ್‌ಗೆ ಅವರ ಹಾಳೆಯಲ್ಲಿ ಏನೂ ಇಲ್ಲ. ಇಲ್ಲಿ ಲೆಕ್ಕ ಬರೆಯುವವರು ತಾವೇ ಊಹಿಸಿ 14,000 ಹಾಕಿಬಿಡಬಾರದು. ಸಮಿತಿಯನ್ನೇ ಕೇಳಬೇಕು. ಕೇಳಿದಾಗ ಅವರು 16,000 ಎಂದರು. ಹೀಗೆ ಆರೋಗ್ಯ ಸಮಿತಿಯ ಬಜೆಟ್ 68,000 ಆಯಿತು: ಔಷಧಿ 37,000, ಪ್ರಯಾಣ 22,000, ಜುಲೈ-ಸೆಪ್ಟೆಂಬರ್ ಅವಧಿಯಲ್ಲಿ ರಕ್ತಹೀನತೆ ಶಿಬಿರಕ್ಕೆಂದು ಇಡಿಯಾಗಿ 9,000.

ನಾಲ್ಕೂ ಸೇರಿ ಖರ್ಚು 6,34,000. ಆದಾಯವನ್ನೂ ಇದೇ ರೀತಿ ಜೋಡಿಸಿದಾಗ 6,16,000 ಬಂತು. ಕೊರತೆ 18,000.

ಎರಡು ಸಲ ಬಂದದ್ದು

ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಒಂದೇ ಹಣ ಎರಡು ಹಾಳೆಯಲ್ಲಿ ಇದೆಯೇ ಎಂದು ಈಗ ಹುಡುಕಬೇಕು. ಅದು ಎರಡು ರೀತಿ ಇರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ತಿಳಿದುಕೊಳ್ಳಿ.

ಮೊದಲನೆಯದು ಒಳಗೊಳಗೇ ಕೈ ಬದಲಾಗುವ ಹಣ. ಹೊಲಿಗೆ ಕೇಂದ್ರ ಒಕ್ಕೂಟದ ಕಚೇರಿಗೆ ತಿಂಗಳಿಗೆ 2,000ದಂತೆ ವರ್ಷಕ್ಕೆ 24,000 ಬಾಡಿಗೆ ಕೊಡುತ್ತದೆ. ಕಚೇರಿ ಅದನ್ನು ತನ್ನ ಆದಾಯ ಎಂದು ಬರೆದುಕೊಳ್ಳುತ್ತದೆ. ಕಟ್ಟಡದ ಮಾಲೀಕರಿಗೆ ಕೊಡುವ 60,000 ಬೇರೆ ಇದೆ, ಅದು ನಿಜವಾಗಿ ಹೊರಗೆ ಹೋಗುವ ಹಣ. ಮನೆಯಲ್ಲಿ ಅತ್ತೆಯ ಪರ್ಸಿನಿಂದ ಸೊಸೆಯ ಪರ್ಸಿಗೆ ಹಣ ಹೋದರೆ ಮನೆಗೆ ಆದಾಯವೂ ಇಲ್ಲ, ಖರ್ಚೂ ಇಲ್ಲ. ಹಾಗೆಯೇ ಈ 24,000ವನ್ನು ಒಕ್ಕೂಟದ ಒಟ್ಟು ಆದಾಯದಿಂದಲೂ ಕಳೆಯಬೇಕು, ಒಟ್ಟು ಖರ್ಚಿನಿಂದಲೂ ಕಳೆಯಬೇಕು. ಎರಡೂ ಕಡೆ ಕಳೆಯುವುದರಿಂದ ಕೊರತೆ 18,000 ಹಾಗೆಯೇ ಉಳಿಯುತ್ತದೆ. ಆದರೆ ಒಕ್ಕೂಟ ಇರುವುದಕ್ಕಿಂತ ದೊಡ್ಡದಾಗಿ ಕಾಣುವುದು ತಪ್ಪುತ್ತದೆ.

ಎರಡನೆಯದು ಒಂದೇ ಖರ್ಚನ್ನು ಇಬ್ಬರು ಬರೆದದ್ದು. ತರಬೇತಿ ಸಮಿತಿಯ ಆರು ತರಬೇತಿಗಳಲ್ಲಿ ಒಂದು ರಕ್ತಹೀನತೆಯ ಬಗ್ಗೆ. ಆರೋಗ್ಯ ಸಮಿತಿಯ ರಕ್ತಹೀನತೆ ಶಿಬಿರವೂ ಅದೇ. ಅದೇ ದಿನ, ಅದೇ ಸಭಾಂಗಣ, ಅದೇ 9,000. ಎರಡು ಸಮಿತಿಯವರನ್ನು ಕೂರಿಸಿ ಕೇಳಿದಾಗ "ಹೌದು ಸಿಸ್ಟರ್, ಇಬ್ಬರೂ ಸೇರಿಯೇ ಮಾಡೋದು" ಎಂದರು. ತರಬೇತಿಯವರು ಇಟ್ಟುಕೊಳ್ಳುವುದು, ಆರೋಗ್ಯದವರು ಬಿಡುವುದು ಎಂದು ತೀರ್ಮಾನವಾಯಿತು. ಇದನ್ನು ಖರ್ಚಿನ ಕಡೆ ಮಾತ್ರ ಕಳೆಯಬೇಕು, ಆದ್ದರಿಂದ ಕೊರತೆ 18,000ದಿಂದ 9,000ಕ್ಕೆ ಇಳಿಯಿತು. ಶಿಬಿರದ ಶುಲ್ಕವನ್ನೂ ಇಬ್ಬರು ಆದಾಯದಲ್ಲಿ ಬರೆದಿದ್ದಾರೆಯೇ ಎಂದು ನೋಡಿದೆವು. ತರಬೇತಿಯವರ ಹಾಳೆಯಲ್ಲಿ ಮಾತ್ರ ಇತ್ತು.

ಇಂಥದ್ದನ್ನು ಕಳೆಯುವಾಗ ಸಮಿತಿಯ ಅಂಕೆಯನ್ನೇ ಅಳಿಸಿಬಿಡಬೇಡಿ. ಹೊಲಿಗೆ, ತರಬೇತಿ, ಆರೋಗ್ಯ, ಕಚೇರಿ ಎಂಬ ನಾಲ್ಕು ಕಾಲಂ ಆದ ಮೇಲೆ "ಕಳೆಯುವುದು" ಎಂದು ಐದನೆಯ ಕಾಲಂ ಎಳೆದು, ಅಲ್ಲಿ ಬರೆದು, ಆರನೆಯದರಲ್ಲಿ ಒಕ್ಕೂಟದ ಮೊತ್ತ ಬರೆಯಿರಿ. ಈ ಒಕ್ಕೂಟಕ್ಕೆ ಕೊನೆಗೆ ಬಂದದ್ದು ಆದಾಯ 5,92,000, ಖರ್ಚು 6,01,000.

ವ್ಯತ್ಯಾಸದ ಕಾಲಂ

ಈಗ ಹೊಲಿಗೆ ಕೇಂದ್ರದ "ನಷ್ಟ"ಕ್ಕೆ ಬರೋಣ. ಬಜೆಟ್ ತಯಾರಾಗುವುದು ಫೆಬ್ರವರಿಯಲ್ಲಿ. ಆಗ ನಗದು ಪುಸ್ತಕದಲ್ಲಿ ಜನವರಿ ಕೊನೆಯವರೆಗಿನ ಲೆಕ್ಕ ಮಾತ್ರ ಇರುತ್ತದೆ, ಅಂದರೆ ಹತ್ತು ತಿಂಗಳದ್ದು. ಕರಡು ಬರೆದವರು ಒಂದು ಕಾಲಂನಲ್ಲಿ 2024-25ರ ಇಡೀ ವರ್ಷದ ಬಜೆಟ್ ಬರೆದಿದ್ದರು. ಪಕ್ಕದ ಕಾಲಂನಲ್ಲಿ ಹತ್ತು ತಿಂಗಳಲ್ಲಿ ನಿಜವಾಗಿ ಆದದ್ದನ್ನು ಬರೆದು, ಒಂದರಿಂದ ಇನ್ನೊಂದನ್ನು ಕಳೆದಿದ್ದರು.

ಹೊಲಿಗೆ ಆದಾಯದ ಬಜೆಟ್ 3,48,000. ಹತ್ತು ತಿಂಗಳಲ್ಲಿ ಬಂದದ್ದು 2,82,000. ವ್ಯತ್ಯಾಸ 66,000, ಶೇಕಡ 19 ಕಡಿಮೆ. ಖರ್ಚು ಮಾತ್ರ 2,92,000 ಆಗಿತ್ತು. ಹಾಗಾದರೆ ನಷ್ಟ 10,000! ಇದನ್ನು ನೋಡಿದ ಯಾರಿಗಾದರೂ ಮುಚ್ಚುವುದೇ ವಾಸಿ ಎನಿಸುತ್ತದೆ.

ಹಾಗಾದರೆ ಹತ್ತು ತಿಂಗಳದ್ದನ್ನು ಹತ್ತರಿಂದ ಭಾಗಿಸಿ ಹನ್ನೆರಡರಿಂದ ಗುಣಿಸಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಕಚೇರಿಯ ಗೌರವಧನಕ್ಕೆ ಅದು ಸರಿ, ಪ್ರತಿ ತಿಂಗಳೂ ಒಂದೇ ಮೊತ್ತ. ಹೊಲಿಗೆಗೆ ಸರಿಯಲ್ಲ. ಭಾಗಿಸಿ ಗುಣಿಸಿದರೆ ಆದಾಯವೂ ಖರ್ಚೂ ಒಂದೇ ಪ್ರಮಾಣದಲ್ಲಿ ಏರಿ, ನಷ್ಟ ಇನ್ನೂ ದೊಡ್ಡದಾಗಿ 12,000 ಎಂದು ಕಾಣುತ್ತದೆ. ಅಲ್ಲಿ ನಡೆದದ್ದೇನು ಎಂದು ತಿಂಗಳ ಕಾಲಂಗಳನ್ನು ನೋಡಿದರೆ ತಿಳಿಯುತ್ತದೆ. ಇಡೀ ವರ್ಷದ ಬಾಡಿಗೆ 24,000ವನ್ನು ಅವರು ಮುಂಗಡವಾಗಿ ಕೊಟ್ಟಿದ್ದರು. ಫೆಬ್ರವರಿ-ಮಾರ್ಚ್‌ನ ಕೆಲಸಕ್ಕೆ ಬೇಕಾದ ಬಟ್ಟೆ ದಾರವನ್ನು ಜನವರಿಯಲ್ಲೇ ತಂದಿದ್ದರು. ಖರ್ಚು ಮುಂದೆ ಬಂದಿತ್ತು, ಆದಾಯ ಹಿಂದೆ ಉಳಿದಿತ್ತು.

ಸರಿಯಾದ ದಾರಿ ಎಂದರೆ ಹತ್ತು ತಿಂಗಳ ನಿಜವಾದ ಲೆಕ್ಕಕ್ಕೆ ಉಳಿದ ಎರಡು ತಿಂಗಳ ಅಂದಾಜನ್ನು ಬಾಬ್ತುವಾರು ಸೇರಿಸುವುದು. ಆರ್ಡರ್ ಪುಸ್ತಕದಲ್ಲಿ ಫೆಬ್ರವರಿ-ಮಾರ್ಚ್‌ಗೆ ಒಪ್ಪಿಕೊಂಡ ಹೊಲಿಗೆ 62,000 ರೂಪಾಯಿಯದು ಇತ್ತು. ಆ ಎರಡು ತಿಂಗಳಿಗೆ ಕೂಲಿ 32,000, ವಿದ್ಯುತ್ 3,000, ದುರಸ್ತಿ 1,000, ಒಟ್ಟು 36,000 ಖರ್ಚು. ಬಾಡಿಗೆ ಇಲ್ಲ, ಬಟ್ಟೆ ಇಲ್ಲ, ಎರಡೂ ಆಗಿಹೋಗಿವೆ. ಹೀಗೆ ವರ್ಷಾಂತ್ಯಕ್ಕೆ ಆದಾಯ 3,44,000, ಖರ್ಚು 3,28,000, ಉಳಿಕೆ 16,000. ಆದಾಯದಲ್ಲಿ ಬಜೆಟ್‌ಗಿಂತ ಕಡಿಮೆಯಾದದ್ದು 66,000 ಅಲ್ಲ, 4,000. ಶೇಕಡ 19 ಅಲ್ಲ, ಸುಮಾರು ಶೇಕಡ 1.

ಕಾಲಂನ ತಲೆಯಲ್ಲಿ "10 ತಿಂಗಳು ನಿಜ, 2 ತಿಂಗಳು ಅಂದಾಜು" ಎಂದು ಬರೆಯಲೇಬೇಕು. ಮಾರ್ಚ್ ಮುಗಿದ ಮೇಲೆ ಅಂದಾಜಿನ ಜಾಗದಲ್ಲಿ ನಿಜವಾದದ್ದನ್ನು ಹಾಕಿ, ಮಹಾಸಭೆಗೆ ಆ ಹಾಳೆಯನ್ನೇ ಒಯ್ಯಬೇಕು. ಆರ್ಡರ್ ಪುಸ್ತಕದಲ್ಲಿ ಇದ್ದದ್ದೆಲ್ಲ ಹಣವಾಗಿ ಬಂದೇ ಬರುತ್ತದೆ ಎಂದೇನೂ ಇಲ್ಲ.

ವ್ಯತ್ಯಾಸದ ಕಾಲಂ ಒಂದಲ್ಲ, ಎರಡು ಬೇಕು. ಹೋದ ವರ್ಷದ ಬಜೆಟ್‌ಗೂ ನಿಜವಾದದ್ದಕ್ಕೂ ಇರುವ ವ್ಯತ್ಯಾಸ ಮೊದಲನೆಯದು, ಅದು ನಾವು ಹೇಳಿದಂತೆ ನಡೆದೆವೋ ಇಲ್ಲವೋ ತೋರಿಸುತ್ತದೆ. ಹೋದ ವರ್ಷ ನಿಜವಾಗಿ ಆದದ್ದಕ್ಕೂ ಈ ವರ್ಷ ಕೇಳುತ್ತಿರುವುದಕ್ಕೂ ಇರುವುದು ಎರಡನೆಯದು. ಮಹಾಸಭೆ ಒಪ್ಪಿಗೆ ಕೊಡಬೇಕಾದದ್ದು ಅದಕ್ಕೆ. ಕೂಡುವ ಗುರುತು, ಕಳೆಯುವ ಗುರುತು ಮಾತ್ರ ಹಾಕಿದರೆ ಗೊಂದಲ. ಆದಾಯದಲ್ಲಿ ಹೆಚ್ಚು ಬಂದರೆ ಒಳ್ಳೆಯದು, ಖರ್ಚಿನಲ್ಲಿ ಹೆಚ್ಚಾದರೆ ಅಲ್ಲ. ಗುರುತು ಎರಡಕ್ಕೂ ಒಂದೇ. ಆದ್ದರಿಂದ ಪಕ್ಕದಲ್ಲಿ "ಅನುಕೂಲ", "ಪ್ರತಿಕೂಲ" ಎಂದು ಮಾತಿನಲ್ಲೇ ಬರೆಯಿರಿ. ಹೋದ ವರ್ಷ ಇಲ್ಲದ ಬಾಬ್ತಾದರೆ ಶೇಕಡಾವಾರು ಹಾಕಲು ಬರುವುದಿಲ್ಲ, "ಹೊಸದು" ಎಂದು ಬರೆದರೆ ಸಾಕು.

ಸೊನ್ನೆಯ ಹಿಂದೆ ಅಡಗಿದ್ದು

ದೊಡ್ಡ ವ್ಯತ್ಯಾಸ ಕಂಡರೆ ಎಲ್ಲರೂ ಪ್ರಶ್ನೆ ಕೇಳುತ್ತಾರೆ. ವ್ಯತ್ಯಾಸ ಸೊನ್ನೆ ಇದ್ದರೆ ಯಾರೂ ಕೇಳುವುದಿಲ್ಲ. ಈ ಒಕ್ಕೂಟದ ಪ್ರಯಾಣದ ಬಾಬ್ತು ನೋಡಿ.

| ಸಮಿತಿ | 2024-25 ಬಜೆಟ್ | 2024-25 ವರ್ಷಾಂತ್ಯಕ್ಕೆ | ವ್ಯತ್ಯಾಸ | 2025-26 ಬಜೆಟ್ |
|---|---|---|---|---|
| ತರಬೇತಿ | 12,000 | 6,000 | 6,000 ಕಡಿಮೆ | 12,000 |
| ಆರೋಗ್ಯ | 18,000 | 24,000 | 6,000 ಹೆಚ್ಚು | 22,000 |
| ಕಚೇರಿ | 12,000 | 12,000 | ಇಲ್ಲ | 13,000 |
| ಒಟ್ಟು | 42,000 | 42,000 | ಇಲ್ಲ | 47,000 |

ಕೆಳಗಿನ ಸಾಲು ಮಾತ್ರ ಓದಿದರೆ ಎಲ್ಲ ಸರಿಯಾಗಿದೆ. ಮೇಲಿನ ಸಾಲುಗಳನ್ನು ಓದಿದರೆ ಬೇರೆ ಕಥೆ. ತರಬೇತಿಯವರು ಆರರಲ್ಲಿ ಮೂರೇ ತರಬೇತಿ ನಡೆಸಿದ್ದರು, ಅದಕ್ಕೆ ಅರ್ಧ ಉಳಿಯಿತು. ಆಗದ ಕೆಲಸದ ಹಣ ಉಳಿತಾಯವಲ್ಲ, ಆದರೂ ಕಾಲಂನಲ್ಲಿ ಅದು "ಅನುಕೂಲ" ಎಂದೇ ಕಾಣುತ್ತದೆ! ಆರೋಗ್ಯದವರು ದೂರದ ಹಳ್ಳಿಗಳಿಗೆ ಬಸ್ಸು ತಪ್ಪಿ ಜೀಪು ಬಾಡಿಗೆ ಮಾಡಿಕೊಂಡು ಹೋಗಿದ್ದರು. ಒಬ್ಬರ ಆಗದ ಕೆಲಸ ಇನ್ನೊಬ್ಬರ ಹೆಚ್ಚಿನ ಖರ್ಚನ್ನು ಮುಚ್ಚಿಬಿಟ್ಟಿತು. ಒಟ್ಟು ಬಜೆಟ್‌ನ ಹಿಂದೆ ಸಮಿತಿವಾರು ಹಾಳೆ ಇರಲೇಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಎಲ್ಲ ವ್ಯತ್ಯಾಸಕ್ಕೂ ವಿವರಣೆ ಕೇಳುತ್ತಾ ಕೂತರೆ ಸಭೆ ಮುಗಿಯುವುದಿಲ್ಲ. ಈ ಒಕ್ಕೂಟ ತನಗೊಂದು ಗೆರೆ ಹಾಕಿಕೊಂಡಿತು: ಒಂದು ಸಮಿತಿಯ ಒಂದು ಬಾಬ್ತಿನಲ್ಲಿ ವ್ಯತ್ಯಾಸ ಶೇಕಡ 10ನ್ನೂ ಮೀರಿ, 2,000 ರೂಪಾಯಿಯನ್ನೂ ಮೀರಿದರೆ ಒಂದು ಸಾಲಿನ ಕಾರಣ ಬರೆಯಬೇಕು. ಬರೀ ಶೇಕಡ ಇಟ್ಟರೆ 200 ರೂಪಾಯಿಯ ಪೆನ್ನು 300 ಆದದ್ದಕ್ಕೂ ಚರ್ಚೆ ನಡೆಯುತ್ತದೆ. ನಿಮ್ಮ ಗೆರೆ ಎಷ್ಟಿರಬೇಕು ಎಂಬುದನ್ನು ನಿಮ್ಮ ಒಕ್ಕೂಟದ ಗಾತ್ರ ನೋಡಿ ನೀವೇ ನಿರ್ಧರಿಸಿ.

ಒಂದೇ ಮೀಟರು

ಹೊಲಿಗೆ ಕೇಂದ್ರದ ವಿಷಯದಲ್ಲಿ ಇನ್ನೊಂದು ಮಾತು ಉಳಿದಿದೆ. ಆ ಕಟ್ಟಡಕ್ಕೆಲ್ಲ ಒಂದೇ ಕರೆಂಟು ಮೀಟರು. ಬಿಲ್ಲು ಬರುವುದು ಹೊಲಿಗೆ ಕೇಂದ್ರದ ಬಾಗಿಲಿಗೆ. ಹಾಗಾಗಿ ವರ್ಷದ 18,000 ಪೂರ್ತಿಯಾಗಿ ಅವರ ಹಾಳೆಯಲ್ಲೇ ಇತ್ತು. ಕಚೇರಿಯ ಫ್ಯಾನು, ಕಂಪ್ಯೂಟರ್, ಸಭಾಂಗಣದ ದೀಪ ಎಲ್ಲ ಅದರಲ್ಲೇ. ಕಚೇರಿಯ ಹಾಳೆಯಲ್ಲಿ ವಿದ್ಯುತ್ ಎಂಬ ಸಾಲೇ ಇರಲಿಲ್ಲ. ಒಕ್ಕೂಟದ ಮೊತ್ತಕ್ಕೆ ಇದರಿಂದ ಏನೂ ವ್ಯತ್ಯಾಸವಿಲ್ಲ, ಕೂಡಿ ನೋಡಿದರೆ ತಪ್ಪು ಸಿಗುವುದೂ ಇಲ್ಲ. ಆದರೆ ಯಾವ ಸಮಿತಿ ನಷ್ಟದಲ್ಲಿದೆ, ಯಾವುದನ್ನು ಮುಚ್ಚಬೇಕು ಎಂದು ಸಮಿತಿವಾರು ಕಾಲಂ ನೋಡಿಯೇ ತೀರ್ಮಾನಿಸುವುದಾದರೆ ಇದು ದೊಡ್ಡ ವಿಷಯ.

ಬೇರೆ ಮೀಟರು ಇಲ್ಲದಿರುವಾಗ ಪಾಲು ಮಾಡುವುದು ಅಂದಾಜಿನಿಂದಲೇ. ಎಷ್ಟು ಮೆಷಿನು, ಎಷ್ಟು ಫ್ಯಾನು, ದಿನಕ್ಕೆ ಎಷ್ಟು ಗಂಟೆ ಎಂದು ಬರೆದು, ಹೊಲಿಗೆಗೆ 10,000, ಕಚೇರಿಗೆ 8,000 ಎಂದು ಎರಡೂ ಕಡೆಯವರು ಒಪ್ಪಿದರು. ಒಪ್ಪಿದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆದರು. 2025-26ರಲ್ಲಿ ಹೊಲಿಗೆ ಕೇಂದ್ರದ ಉಳಿಕೆ 18,000ದಿಂದ 26,000 ಆಯಿತು.

ಇಲ್ಲಿ ನೆನಪಿಡಬೇಕಾದದ್ದು, ಈ ವರ್ಷದ ಕಾಲಂನಲ್ಲಿ ಪಾಲು ಮಾಡಿದರೆ ಹೋದ ವರ್ಷದ ಕಾಲಂನಲ್ಲೂ ಅದೇ ರೀತಿ ಪಾಲು ಮಾಡಬೇಕು. ಇಲ್ಲದಿದ್ದರೆ ಹೊಲಿಗೆಯವರು ವಿದ್ಯುತ್ತಿನಲ್ಲಿ 8,000 ಉಳಿಸುತ್ತಾರೆ, ಕಚೇರಿಯವರು ಹೊಸದಾಗಿ 8,000 ಖರ್ಚು ಮಾಡುತ್ತಾರೆ ಎಂದು ಕಾಣುತ್ತದೆ. ಯಾರೂ ಒಂದು ದೀಪವನ್ನೂ ಆರಿಸಿಲ್ಲ, ಹಚ್ಚಿಲ್ಲ. ಹೋದ ವರ್ಷದ್ದನ್ನೂ ಪಾಲು ಮಾಡಿದಾಗ ಹೊಲಿಗೆಯ ಉಳಿಕೆ 16,000 ಅಲ್ಲ, 24,000. ಹೀಗೆ ಬದಲಾಯಿಸಿದ ಅಂಕೆಯ ಕೆಳಗೆ ಒಂದು ಗೆರೆ ಎಳೆದು, ಏಕೆ ಬದಲಾಯಿತು ಎಂದು ಬರೆಯಿರಿ. ಲೆಕ್ಕ ಪರಿಶೋಧಕರ ಹಾಳೆಯಲ್ಲಿ ಹಳೆಯ ಅಂಕೆ ಇದ್ದರೆ ಅದನ್ನು ನೋಡಿದವರು ಕೇಳಿಯೇ ಕೇಳುತ್ತಾರೆ.

ಮಹಾಸಭೆಯ ಕಾರ್ಯಸೂಚಿಯಿಂದ ಹೊಲಿಗೆ ಕೇಂದ್ರ ಮುಚ್ಚುವ ವಿಷಯವನ್ನು ಅಧ್ಯಕ್ಷರೇ ತೆಗೆದುಹಾಕಿದರು. ಅದರ ಬದಲು 9,000 ಕೊರತೆಯ ಬಗ್ಗೆ, ಜೀಪಿನ ಬಗ್ಗೆ, ನಡೆಯದ ಮೂರು ತರಬೇತಿಗಳ ಬಗ್ಗೆ ಒಂದೂವರೆ ಗಂಟೆ ಚರ್ಚೆಯಾಯಿತು. ಕೊರತೆಯನ್ನು ಒಕ್ಕೂಟದ ಹಿಂದಿನ ಉಳಿಕೆಯಿಂದ ತುಂಬುವುದು, ಆರೋಗ್ಯದವರು ಒಂದೇ ದಿಕ್ಕಿನ ಹಳ್ಳಿಗಳನ್ನು ಒಂದೇ ದಿನ ನೋಡಿಬರುವುದು ಎಂದು ನಿರ್ಣಯವಾಯಿತು.

ಎಲ್ಲ ಸಮಿತಿಗಳಿಗೂ ಒಂದೇ ನಮೂನೆ ಕೊಟ್ಟುಬಿಡಿ, ಈ ತೊಂದರೆಯೇ ಇರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಹೊಲಿಗೆಯವರ ತಿಂಗಳ ಕಾಲಂ ಇಲ್ಲದಿದ್ದರೆ ಈ "ನಷ್ಟ"ದ ಗುಟ್ಟು ಹೊರಬರುತ್ತಲೇ ಇರಲಿಲ್ಲ. ಅವರ ಕೆಲಸಕ್ಕೆ ಬೇಕಾದಂತೆ ಅವರು ಬರೆಯಲಿ. ಹಾಳೆಯ ತಲೆಯಲ್ಲಿ ಮಾತ್ರ ಮೂರು ವಿಷಯ ಇರಲಿ: ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ರೂಪಾಯಿಯೋ ಸಾವಿರವೋ, ಬೇರೆ ಯಾವ ಸಮಿತಿಯ ಜೊತೆ ಸೇರಿ ಮಾಡುವ ಖರ್ಚು ಇದರಲ್ಲಿದೆ. ಜೋಡಣೆ ಪಟ್ಟಿ ಮುಗಿದ ಮೇಲೆ ಪ್ರತಿ ಸಮಿತಿಯ ಕಾರ್ಯದರ್ಶಿ ತಮ್ಮ ಸಾಲುಗಳನ್ನು ಓದಿ, ಆ ಪಟ್ಟಿಯ ಕೆಳಗೆ ಸಹಿ ಹಾಕಲಿ. ಸಹಿ ಬೀಳುವವರೆಗೆ ಒಟ್ಟು ಬಜೆಟ್‌ಗೆ ಅಧ್ಯಕ್ಷರು ಸಹಿ ಹಾಕುವುದು ಬೇಡ.